ತೋಡಿಯ ಗಾಂಧಾರ ಐದು ಗೆರೆಗೆ ಸಿಗುವುದಿಲ್ಲ

(ಕಾಸರಗೋಡಿನಲ್ಲಿ ಸಂಗೀತ ಕಲಿಯುವ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಒಂದು ಮಳೆಗಾಲದ ಸಂಜೆ ಆಡಿದ ಮಾತಿನ ಬರಹ ರೂಪ. ನಡುನಡುವೆ ಹಾಡಿ, ಪಿಟೀಲು ನುಡಿಸಿ ತೋರಿಸಿದ್ದನ್ನು ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ನಾನು ಮಾಡಿದ ಒಂದು ಎಡವಟ್ಟಿನಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಎರಡು ಪಿಟೀಲು ಸೇರಿಸಿ ಏನಾದರೂ ಮಾಡಿ ಅಂತ ಕೇಳಿದರು. ಒಂದು ನನ್ನದು. ಇನ್ನೊಂದು ಪಾಶ್ಚಾತ್ಯ ಪದ್ಧತಿಯಲ್ಲಿ ಚೆನ್ನಾಗಿ ಕಲಿತ ಒಬ್ಬ ಹುಡುಗನದ್ದು. ಅವನಿಗೆ ಸರಿಗಮ ಓದಲು ಬರುವುದಿಲ್ಲ, ಐದು ಗೆರೆಯ ಸ್ಟಾಫ್ ನೊಟೇಷನ್ ನೀರು ಕುಡಿದ ಹಾಗೆ ಬರುತ್ತದೆ. ನನಗೂ ಅದು ಸ್ವಲ್ಪ ಗೊತ್ತು. ಸರಿ, ತೋಡಿ ರಾಗದ ನಾಲ್ಕು ಸಾಲನ್ನು ನಾನೇ ಬರೆದು ಕೊಟ್ಟೆ. ಹುಡುಗ ಅಪ್ಪಟ ಶ್ರುತಿಯಲ್ಲಿ ನುಡಿಸಿದ. ಒಂದು ನೋಟೂ ತಪ್ಪಲಿಲ್ಲ. ತಾಳವೂ ಸರಿ.

ಕಾರ್ಯಕ್ರಮ ಮುಗಿದ ಮೇಲೆ ನಮ್ಮೂರಿನ ಯಕ್ಷಗಾನದ ಭಾಗವತರೊಬ್ಬರು ಬಂದು ಬೆನ್ನು ತಟ್ಟಿದರು. "ಮಾಷ್ಟ್ರೆ, ಲಾಯ್ಕ ಇತ್ತು. ಮೊದಲು ಆ ಹುಡುಗ ಹಿಂದೂಸ್ತಾನಿ ಭೈರವಿ ನುಡಿಸಿದ, ಮತ್ತೆ ನೀವು ತೋಡಿ ನುಡಿಸಿದಿರಿ. ಎರಡನ್ನೂ ಜೋಡಿಸಿದ್ದು ಒಳ್ಳೆ ಐಡಿಯ."

ನಾನು ಜೋಡಿಸಿದ್ದಲ್ಲ! ಇಬ್ಬರಿಗೂ ಒಂದೇ ಕಾಗದ.

ಭಾಗವತರ ಕಿವಿ ಕೆಟ್ಟಿರಲಿಲ್ಲ. ಇಲ್ಲೇ ವಿಷಯ ಇರುವುದು. ಎಂಟನೇ ಮೇಳವಾದ ತೋಡಿಯ ಸ್ವರಗಳನ್ನು ಬರೀ ಸ್ಥಾನಗಳಾಗಿ ನೋಡಿ: ಸ, ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಶುದ್ಧ ಧೈವತ, ಕೈಶಿಕಿ ನಿಷಾದ. ಹಿಂದೂಸ್ತಾನಿಯವರ ಭೈರವಿಗೂ ಇವೇ ಏಳು. (ನಮ್ಮ ಕರ್ನಾಟಕ ಭೈರವಿ ಬೇರೆ, ಅದನ್ನು ಇಲ್ಲಿಗೆ ತರಬೇಡಿ.) ಗಮಕ ತೆಗೆದು ಈ ಸ್ವರಗಳನ್ನು ನೆಟ್ಟಗೆ ನಿಲ್ಲಿಸಿ ನುಡಿಸಿದರೆ ನಮ್ಮ ಕಿವಿಗೆ ಕೇಳುವುದು ಭಜನೆಯಲ್ಲಿ, ಕಛೇರಿಯ ಕೊನೆಯ ಹಾಡುಗಳಲ್ಲಿ ಬರುವ ಆ ಭೈರವಿಯ ಅಥವಾ ಸಿಂಧುಭೈರವಿಯ ಛಾಯೆ. ತೋಡಿ ಅಲ್ಲ. ಹುಡುಗ ಕಾಗದದಲ್ಲಿ ಇದ್ದದ್ದನ್ನು ನುಡಿಸಿದ. ತೋಡಿ ಕಾಗದದಲ್ಲಿ ಇರಲೇ ಇಲ್ಲ.

ಹಾಗಾದರೆ ಕಾಗದದಲ್ಲಿ ಏನು ಬಿಟ್ಟುಹೋಯಿತು? ನಾನು ಬರೆಯಲು ಉದಾಸೀನ ಮಾಡಿದೆನಾ, ಅಥವಾ ಬರೆಯಲಿಕ್ಕೇ ಆಗುವುದಿಲ್ಲವಾ? ಇವತ್ತು ಒಂದೇ ಒಂದು ಸ್ವರವನ್ನು ಹಿಡಿದು ಅದನ್ನು ನೋಡೋಣ. ತೋಡಿಯ ಗಾಂಧಾರ. ಗಮಕಗಳಲ್ಲಿ ಎಷ್ಟು ಬಗೆ, ಶಾರ್ಙ್ಗದೇವ ಹೇಳಿದ ಹದಿನೈದು ಯಾವುವು, ದಶವಿಧ ಗಮಕ ಯಾವುದು ಅಂತ ಪಟ್ಟಿ ಕೊಡುವುದಿಲ್ಲ. ಅದು ಪರೀಕ್ಷೆಯ ಪುಸ್ತಕದಲ್ಲಿ ಇದೆ.

ಮೊದಲು ಐದು ಗೆರೆಯ ಬರಹ ಹೇಗೆ ಕೆಲಸ ಮಾಡುತ್ತದೆ ಅಂತ ಎರಡು ಮಾತು. ಗೆರೆಯ ಮೇಲೆ ಅಥವಾ ಗೆರೆಗಳ ನಡುವೆ ಒಂದು ಬೊಟ್ಟು ಇಡುತ್ತಾರೆ. ಬೊಟ್ಟು ಎಷ್ಟು ಮೇಲಿದೆ ಅನ್ನುವುದು ಸ್ವರದ ಎತ್ತರ ಹೇಳುತ್ತದೆ. ಬೊಟ್ಟಿನ ಆಕಾರ, ಅದರ ಬಾಲ ಎಷ್ಟು ಹೊತ್ತು ಅನ್ನುವುದನ್ನು ಹೇಳುತ್ತವೆ. ಅಂದರೆ ಒಂದು ಬೊಟ್ಟು ಕೊಡುವ ಅಪ್ಪಣೆ ಇಷ್ಟೆ: ಈ ಜಾಗಕ್ಕೆ ಹೋಗು, ಇಷ್ಟು ಹೊತ್ತು ಅಲ್ಲೇ ಇರು. ಜಾಗಗಳು ಒಂದು ಸ್ಥಾಯಿಗೆ ಹನ್ನೆರಡು. ಅಳೆಯುವವರು ಒಂದು ಸ್ಥಾಯಿಯನ್ನು 1200 ಸೆಂಟ್ ಅಂತ ಹಂಚುತ್ತಾರೆ, ಕೀಬೋರ್ಡಿನ ಪ್ರತಿ ಮನೆಗೆ 100. ಇವತ್ತು ನಮಗೆ ಬೇಕಾದ ಲೆಕ್ಕ ಇದೊಂದೇ.

ಈ ಬರಹದಲ್ಲಿ ನಮ್ಮ ಸಂಗೀತ ಒಂಚೂರೂ ಕೂರುವುದಿಲ್ಲ ಅಂತಲ್ಲ. ಮಕ್ಕಳೇ, ನೀವು ಕಲಿತ 'ಶಕ್ತಿಸಹಿತ ಗಣಪತಿಂ' ಇದೆಯಲ್ಲ, ಅದನ್ನು ಐದು ಗೆರೆಯಲ್ಲಿ ಬರೆದು ಆ ಹುಡುಗನಿಗೆ ಕೊಟ್ಟಿದ್ದರೆ ಏನೂ ತೊಂದರೆ ಆಗುತ್ತಿರಲಿಲ್ಲ. ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರಗಳು ಹುಟ್ಟಿದ್ದೇ ಪಾಶ್ಚಾತ್ಯ ಮಟ್ಟುಗಳಿಂದ. ಶಂಕರಾಭರಣದ ಸ್ವರಗಳು, ಗಮಕವಿಲ್ಲದೆ, ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ. ಮೆಟ್ಟಿಲಿಗೆ ಬೊಟ್ಟು ಸಾಕು. ತೋಡಿಯ ಗಾಂಧಾರ ಮೆಟ್ಟಿಲಲ್ಲ, ಉಯ್ಯಾಲೆ.

ಈಗ ಅಳತೆಗೆ ಬರೋಣ. ನಾನು ಮನೆಯಲ್ಲಿ ತೋಡಿಯ ಗಾಂಧಾರವನ್ನು ಸುಮಾರು ಎರಡು ಸೆಕೆಂಡು ನೀಟಾಗಿ ಹಾಡಿ ರೆಕಾರ್ಡ್ ಮಾಡಿದೆ. ಶ್ರುತಿ ಒಂದು ಮನೆ, ಇಲ್ಲಿ ನಾವು ಕಟ್ಟೆ ಅಂತಲೂ ಹೇಳುತ್ತೇವೆ, ಅಂದರೆ ಪಾಶ್ಚಾತ್ಯರ ಸಿ. ಆಮೇಲೆ ಅದನ್ನು ಪ್ರಾಟ್ ಅನ್ನುವ ಉಚಿತ ತಂತ್ರಾಂಶಕ್ಕೆ ಹಾಕಿದೆ. ಅದು ಭಾಷಾಶಾಸ್ತ್ರದವರು ಮಾತಿನ ದನಿ ಅಳೆಯಲು ಮಾಡಿಕೊಂಡದ್ದು, ಹಾಡಿಗೂ ನಡೆಯುತ್ತದೆ. ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಕಿವಿಮಾತು: ತಂಬೂರಿಯನ್ನು ಇಯರ್‌ಫೋನಿನಲ್ಲಿ ಮಾತ್ರ ಕೇಳಿ, ಮೈಕಿಗೆ ಹೋಗದ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ಯಂತ್ರ ನಿಮ್ಮ ದನಿಯ ಬದಲು ತಂಬೂರಿಯ ಹಿಂದೆ ಓಡುತ್ತದೆ. ಗೆರೆ ಇದ್ದಕ್ಕಿದ್ದ ಹಾಗೆ ಒಂದು ಸ್ಥಾಯಿ ಮೇಲೆ ಹಾರಿದರೆ ಅದು ನಿಮ್ಮ ಗಮಕ ಅಲ್ಲ, ಯಂತ್ರದ ತಪ್ಪು ಲೆಕ್ಕ.

ಸ ಇರುವುದು ಸೊನ್ನೆಯಲ್ಲಿ ಅಂದುಕೊಳ್ಳಿ. ಪುಸ್ತಕದ ಪ್ರಕಾರ ಶುದ್ಧ ರಿಷಭ ಸುಮಾರು 100, ಸಾಧಾರಣ ಗಾಂಧಾರ ಸುಮಾರು 300, ಶುದ್ಧ ಮಧ್ಯಮ ಸುಮಾರು 500. ನಾನು ಹಾಡಿದ್ದು 'ಗಾ'. ಪರದೆಯಲ್ಲಿ ಕಂಡದ್ದು ಒಂದು ಅಲೆ. ಕೆಳಗಿನ ತುದಿ 200ರ ಆಸುಪಾಸು. ಮೇಲಿನ ತುದಿ 500ರ ಹತ್ತಿರ, ಅಂದರೆ ಮಧ್ಯಮದ ಬಾಗಿಲು. ಎರಡು ಸೆಕೆಂಡಿನಲ್ಲಿ ಏಳು ಸಲ ಮೇಲೆ ಹೋಗಿ ಏಳು ಸಲ ಕೆಳಗೆ ಬಂದಿದ್ದೇನೆ. 300ರಲ್ಲಿ ಎಷ್ಟು ಹೊತ್ತು ಇದ್ದೆ? ನಿಂತೇ ಇಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹಾದುಹೋಗಿದ್ದೇನೆ. ಬಸ್ಸು ನಿಲ್ಲದ ಸ್ಟಾಪಿನ ಹಾಗೆ. 300ರ ಅಕ್ಕಪಕ್ಕ ಇದ್ದ ಎಲ್ಲ ಚೂರುಗಳನ್ನು ಕೂಡಿಸಿದರೂ ಕಾಲು ಸೆಕೆಂಡು ಆಗುವುದಿಲ್ಲ.

ಆದರೂ ನಿಮಗೆ ಕೇಳಿದ್ದು ಗಾಂಧಾರ ಅಲ್ವಾ? ನಾನು ಹಾಡಿದ್ದೂ ಗಾಂಧಾರವೇ. ಯಾರಿಗೂ ಅನುಮಾನ ಬರಲಿಲ್ಲ. ಅಲೆಯ ಒಂದು ಸಣ್ಣ ತುಂಡು ಆರಿಸಿ ಅದನ್ನೇ ನುಡಿಸಿ ನೋಡಿದೆ. ಬರೀ 'ಟಕ್' ಅಂತ ಒಂದು ಚೂರು ಶಬ್ದ, ಅದರಲ್ಲಿ ಗಾಂಧಾರವೂ ಇಲ್ಲ, ತೋಡಿಯೂ ಇಲ್ಲ. ಇಡೀ ಅಲೆ ಬೇಕು. ಅಂದರೆ ನಮ್ಮಲ್ಲಿ 'ಗ' ಅನ್ನುವುದು ಒಂದು ಜಾಗದ ಹೆಸರಲ್ಲ, ಒಂದು ನಡೆಯ ಹೆಸರು. ಬೊಟ್ಟಿಗೆ ಗೊತ್ತಿರುವುದು ಜಾಗ ಮಾತ್ರ.

ಪಾಶ್ಚಾತ್ಯ ಪಿಟೀಲಿನವರೂ ಬೆರಳು ನಡುಗಿಸುತ್ತಾರಲ್ಲ, ಅದನ್ನೂ ಬರೆಯುವುದಿಲ್ಲವಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದು ವೈಬ್ರಾಟೊ. ಅಲ್ಲಿ ಸ್ವರ ಮೊದಲೇ ಇದೆ, ಅದರ ಸುತ್ತ ಕಿರಿದಾಗಿ ನಡುಕ. ಆ ನಡುಕ ತೆಗೆದರೆ ಹಾಡು ಸ್ವಲ್ಪ ಸಪ್ಪೆ ಆಗಬಹುದು, ಆದರೆ ಅದೇ ಹಾಡಾಗಿ ಉಳಿಯುತ್ತದೆ. ಇಲ್ಲಿ ಅಲೆಯನ್ನು ತೆಗೆದರೆ ಏನಾಯಿತು ಅಂತ ಭಾಗವತರು ಆಗಲೇ ಹೇಳಿದ್ದಾರೆ.

ಸರಿ, ಹಾಗಾದರೆ ಅಲೆಯನ್ನೇ ಬರೆಯೋಣ. ನಾನು ಸುಮ್ನೆ ಬಿಡಲಿಲ್ಲ, ಆ ಎಡವಟ್ಟಿನ ನಂತರ ಒಂದು ವಾರ ಕೂತು ಪ್ರಯತ್ನ ಮಾಡಿದೆ.

ಸ ಅಂದರೆ ಸಿ ಅಂತ ಇಟ್ಟುಕೊಂಡರೆ ಗಾಂಧಾರ ಇ-ಫ್ಲ್ಯಾಟ್. ಕಾಗದದ ಎಡ ತುದಿಯಲ್ಲಿ ತೋಡಿಗೆ ನಾಲ್ಕು ಫ್ಲ್ಯಾಟ್ ಚಿಹ್ನೆ ಬರುತ್ತವೆ, ರಿ ಗ ಧ ನಿ ಗಳಿಗೆ ಒಂದೊಂದು. ಮೊದಲನೇ ಅಡಚಣೆ ಇಲ್ಲೇ. ನಾಲ್ಕು ಫ್ಲ್ಯಾಟ್ ನೋಡಿದ ಕೂಡಲೇ ಪಾಶ್ಚಾತ್ಯ ಸಂಗೀತ ಕಲಿತವರಿಗೆ ಎ-ಫ್ಲ್ಯಾಟ್ ಮೇಜರ್ ಅಥವಾ ಎಫ್ ಮೈನರ್ ನೆನಪಾಗುತ್ತದೆ. ಅಂದರೆ ನಮ್ಮ ಧ ಅಥವಾ ಮ ಅವರಿಗೆ ಆಧಾರ ಸ್ವರ ಆಗುತ್ತದೆ. ಆ ಹುಡುಗ ಪ್ರತಿ ಸಾಲಿನ ಕೊನೆಗೆ ಸದಲ್ಲಿ ನಿಂತಾಗ ಏನೋ ಮುಗಿಯದ ಹಾಗೆ ಮುಖ ಮಾಡುತ್ತಿದ್ದ. ನನಗೆ ಆಗ ಯಾಕೆಂದು ತಿಳಿದಿರಲಿಲ್ಲ. ಇದು ದೊಡ್ಡ ಸಮಸ್ಯೆ ಅಲ್ಲ, ತಂಬೂರಿ ಹಾಕಿದರೆ ಸರಿ ಆಗುತ್ತದೆ. ಮುಂದಿನದ್ದು ದೊಡ್ಡದು.

ಮೊದಲು ಬರೆದದ್ದು ಇ-ಫ್ಲ್ಯಾಟಿನ ಒಂದು ಉದ್ದ ಬೊಟ್ಟು, ಎರಡು ಎಣಿಕೆ. ಅದನ್ನು ನುಡಿಸಿದರೆ ಭೈರವಿ. ಅದರ ಮೇಲೆ ಟ್ರಿಲ್ ಚಿಹ್ನೆ ಹಾಕಿದೆ. ಟ್ರಿಲ್ ಅಂದರೆ ಬರೆದ ಸ್ವರ ಮತ್ತು ಅದರ ಮೇಲಿನ ಸ್ವರ, ಎರಡರ ನಡುವೆ ಬೇಗ ಬೇಗ ಹೋಗಿ ಬರುವುದು. ಆದರೆ ಟ್ರಿಲ್ಲಿನಲ್ಲಿ ಗ ಮತ್ತು ಮ ಎರಡೂ ಬೇರೆ ಬೇರೆ ಹಲ್ಲಿನ ಹಾಗೆ ಕೇಳುತ್ತವೆ. ಕರೆಗಂಟೆ ಬಾರಿಸಿದ ಹಾಗಾಯಿತು. ಮತ್ತೆ, ಟ್ರಿಲ್ಲಿಗೆ ತಳ ಗಾಂಧಾರವೇ. ನನ್ನ ಅಲೆಯ ತಳ ಗಾಂಧಾರಕ್ಕಿಂತ ಪೂರ್ತಿ ಒಂದು ಮನೆ ಕೆಳಗೆ ಇದೆ.

ಹಾಗಾಗಿ ಮೂರನೇ ಸಲ ಅಳತೆಯಲ್ಲಿ ಕಂಡದ್ದನ್ನೇ ಬರೆದೆ. 200, 500, 200, 500. ಸೆಕೆಂಡಿಗೆ ಒಂದು ಎಣಿಕೆ ಅಂತ ಇಟ್ಟರೆ ಒಂದು ಎಣಿಕೆಯೊಳಗೆ ಏಳು ಬೊಟ್ಟು ತುರುಕಬೇಕು. ಕಾಗದದಲ್ಲಿ ಡಿ, ಎಫ್, ಡಿ, ಎಫ್ ಅಂತ ಇರುವೆ ಸಾಲು. ಈಗ ಕಾಗದವನ್ನು ನೋಡಿ. ಇ-ಫ್ಲ್ಯಾಟ್ ಎಲ್ಲಿದೆ? ಎಲ್ಲೂ ಇಲ್ಲ. ಗಾಂಧಾರವನ್ನು ಬರೆಯಲು ಹೋಗಿ ಗಾಂಧಾರವನ್ನೇ ಅಳಿಸಿದೆ. ಅದಕ್ಕಿಂತ ತಮಾಷೆ, ಡಿ ಅಂದರೆ ಯಾವುದು? ಚತುಶ್ರುತಿ ರಿಷಭ. ತೋಡಿಯಲ್ಲಿ ಅದು ಇಲ್ಲವೇ ಇಲ್ಲ! ತೋಡಿಯ ರಿ ಅದಕ್ಕಿಂತ ಒಂದು ಮನೆ ಕೆಳಗೆ, ಡಿ-ಫ್ಲ್ಯಾಟ್. ಈ ಕಾಗದವನ್ನು ಪರೀಕ್ಷೆಯಲ್ಲಿ ಕೊಟ್ಟರೆ ಇದು ಚತುಶ್ರುತಿ ರಿಷಭ ಇರುವ ಯಾವುದೋ ರಾಗ ಅಂತ ಮಕ್ಕಳು ಬರೆಯುತ್ತಾರೆ, ಅವರಿಗೆ ಮಾರ್ಕು ಕೊಡಲೇಬೇಕಾಗುತ್ತದೆ.

ಇದು ನನಗೆ ಬಹಳ ಪಾಠ ಕಲಿಸಿತು. ಸ್ವರದ ಹೆಸರು ಬರೆದರೆ ಅಲೆ ಹೋಗುತ್ತದೆ. ಅಲೆ ಬರೆದರೆ ಸ್ವರದ ಹೆಸರು ಹೋಗುತ್ತದೆ. ಹಾಡುವವಳ ಮನಸ್ಸಿನಲ್ಲಿ ಇರುವುದು 'ಗ', ಅವಳು 'ರಿ ಮ ರಿ ಮ' ಹಾಡುತ್ತಿಲ್ಲ.

ನಾಲ್ಕನೇ ಸಲ ಬೊಟ್ಟುಗಳ ನಡುವೆ ಓರೆ ಗೆರೆ ಎಳೆದೆ. ಪಾಶ್ಚಾತ್ಯರಲ್ಲಿ ಜಾರುವುದಕ್ಕೆ ಗ್ಲಿಸಾಂಡೊ ಅಂತ ಆ ಚಿಹ್ನೆ ಇದೆ. ಇಲ್ಲಿಂದ ಅಲ್ಲಿಗೆ ಜಾರು ಅಂತ ಅದು ಹೇಳುತ್ತದೆ. ಜಾರುವಾಗ ಎಲ್ಲಿ ಬೇಗ, ಎಲ್ಲಿ ನಿಧಾನ ಅನ್ನುವುದನ್ನು ಹೇಳುವುದಿಲ್ಲ. ತೋಡಿಯ ಗಾಂಧಾರದಲ್ಲಿ ಅದೇ ಮುಖ್ಯ. ಉಯ್ಯಾಲೆಯನ್ನು ನೆನಪಿಸಿಕೊಳ್ಳಿ: ತುದಿಗೆ ಹೋದಾಗ ಒಂದು ಕ್ಷಣ ತೂಕ ಇಲ್ಲದ ಹಾಗೆ ನಿಲ್ಲುತ್ತದೆ, ನಡುವೆ ರಭಸದಿಂದ ಹಾಯುತ್ತದೆ. ಗಮಕವೂ ಹಾಗೆ, ಅದರಲ್ಲೂ ಎರಡು ತುದಿಯೂ ಸಮ ಇರುವುದಿಲ್ಲ. ಕೆಲವರ ಪಾಠಾಂತರದಲ್ಲಿ ಕೆಳಗೆ ತುಸು ಹೆಚ್ಚು ಭಾರ, ಮೇಲೆ ಬರೀ ಮುಟ್ಟಿ ಬರುವುದು. ಆ ಭಾರ ಎಲ್ಲಿ ಬೀಳುತ್ತದೆ ಅನ್ನುವುದರಿಂದಲೇ ಇದು ಯಾರ ಶಿಷ್ಯೆ ಅಂತ ಹಳೆಯ ಕೇಳುಗರು ಹೇಳಿಬಿಡುತ್ತಾರೆ.

ಅಷ್ಟನ್ನೂ ಹೇಗೋ ಬರೆದೆವು ಅಂತಲೇ ಇಟ್ಟುಕೊಳ್ಳಿ. ಈಗ ಎರಡನೇ ಕಾಲಕ್ಕೆ ಹೋಗೋಣ. ಐದು ಗೆರೆಯ ಬರಹದಲ್ಲಿ ವೇಗ ಇಮ್ಮಡಿ ಮಾಡುವುದು ಬಹಳ ಸುಲಭ, ಎಲ್ಲ ಬೊಟ್ಟಿನ ಬೆಲೆಯನ್ನೂ ಅರ್ಧ ಮಾಡಿದರೆ ಆಯಿತು. ಹಾಗೆ ಮಾಡಿದರೆ ಎರಡು ಸೆಕೆಂಡಿನ ಏಳು ಅಲೆ ಒಂದು ಸೆಕೆಂಡಿನಲ್ಲಿ ಬರಬೇಕು. ಮನುಷ್ಯರ ಗಂಟಲಿನಿಂದ ಹಾಗೆ ಬಂದರೆ ಅದು ಕುರಿ ಕೂಗಿದ ಹಾಗೆ ಇರುತ್ತದೆ. ವರ್ಣವನ್ನು ಎರಡನೇ ಕಾಲದಲ್ಲಿ ಹಾಡುವಾಗ ನಾವು ಏನು ಮಾಡುತ್ತೇವೆ? ಅಲೆಯ ವೇಗ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಅಲೆಗಳು ಕಡಿಮೆ ಆಗುತ್ತವೆ. ಏಳು ಇದ್ದಲ್ಲಿ ಮೂರು, ನಾಲ್ಕು. ಚಿಕ್ಕ ಸ್ವರವಾದರೆ ಒಂದೇ ಒಂದು ತೂಗು, ಅದೂ ಅರ್ಧ. ಎಲ್ಲಿ ಎಷ್ಟು ಕತ್ತರಿಸಬೇಕು ಅಂತ ಯಾರೂ ನಿಯಮ ಹೇಳಿ ಕಲಿಸುವುದಿಲ್ಲ. ಗುರು ಹಾಡುತ್ತಾರೆ, ಶಿಷ್ಯರ ಗಂಟಲು ಹಿಡಿಯುತ್ತದೆ. ಮಕ್ಕಳು ವರ್ಣದ ಎರಡನೇ ಕಾಲದಲ್ಲಿ ತಡವರಿಸುವುದು ತಾಳಕ್ಕಲ್ಲ, ಜಾಸ್ತಿ ಸಲ ಇದಕ್ಕೇ. ಮೊದಲ ಕಾಲದ ಎಲ್ಲ ಅಲೆಯನ್ನೂ ಹೊತ್ತುಕೊಂಡು ಓಡಲು ನೋಡುತ್ತಾರೆ.

ಇನ್ನೊಂದು. 'ರಿ ಗ ಮ' ಅಂತ ಏರುವಾಗಿನ ಗ, 'ಮ ಗ ರಿ' ಅಂತ ಇಳಿಯುವಾಗಿನ ಗ, ಎರಡನ್ನೂ ಹಾಡುತ್ತೇನೆ, ಕೇಳಿ. ಏರುವಾಗ ಗ ಮಧ್ಯಮದ ಕಡೆಗೆ ವಾಲುತ್ತದೆ. ಇಳಿಯುವಾಗ ಮಧ್ಯಮದಿಂದಲೇ ಜಾರಿ ಬರುತ್ತದೆ. ಒಂದೇ ಹೆಸರು, ಎರಡು ನಡೆ. ಕಾಗದದಲ್ಲಿ ಎರಡೂ ಇ-ಫ್ಲ್ಯಾಟ್. ಹಾಗೇ ಖರಹರಪ್ರಿಯದ ಗಾಂಧಾರ, ಕರ್ನಾಟಕ ಭೈರವಿಯ ಗಾಂಧಾರ, ತೋಡಿಯದ್ದು, ಮೂರೂ ಸಾಧಾರಣ ಗಾಂಧಾರ, ಮೂರೂ ಇ-ಫ್ಲ್ಯಾಟ್. ನಮ್ಮ ಕಿವಿಗೆ ಮೂವರು ಬೇರೆ ಬೇರೆ ಮನೆಯವರು.

ಈಗ ಸೂಕ್ಷ್ಮ ಶ್ರುತಿಯ ವಿಷಯ. ಇಪ್ಪತ್ತೆರಡು ಶ್ರುತಿ ಅಂತ ಶಾಸ್ತ್ರ ಹೇಳುತ್ತದೆ, ಹನ್ನೆರಡು ಜಾಗದ ಬದಲು ಇಪ್ಪತ್ತೆರಡು ಜಾಗ ಇರುವ ಗೆರೆ ಮಾಡಿದರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಪಾಶ್ಚಾತ್ಯರಲ್ಲೂ ಅರ್ಧ ಮನೆ, ಅಂದರೆ 50 ಸೆಂಟ್ ತೋರಿಸುವ ಚಿಹ್ನೆಗಳು ಬಂದಿವೆ. ಲೆಕ್ಕ ನೋಡೋಣ. ಶುದ್ಧ ರಿಷಭಕ್ಕೆ ಎರಡು ಹಳೆಯ ಅಳತೆಗಳಿವೆ. 256ನ್ನು 243ರಿಂದ ಭಾಗಿಸಿದ್ದು ಒಂದು, ಅದು ಸುಮಾರು 90 ಸೆಂಟ್. 16ನ್ನು 15ರಿಂದ ಭಾಗಿಸಿದ್ದು ಇನ್ನೊಂದು, ಸುಮಾರು 112. ಕೀಬೋರ್ಡಿನದ್ದು ಇವೆರಡರ ನಡುವೆ, ಸರಿಯಾಗಿ 100. ಎರಡರ ನಡುವಿನ ವ್ಯತ್ಯಾಸ 22 ಸೆಂಟ್, ಒಂದು ಮನೆಯ ಕಾಲುಭಾಗಕ್ಕಿಂತ ಕಡಿಮೆ.

ಗೌಳ ರಾಗದ ರಿಷಭ ಬಹಳ ಕೆಳಗಿನದ್ದು, ಏಕಶ್ರುತಿ ರಿಷಭ ಅಂತ ವಿದ್ವಾಂಸರು ಹೇಳುತ್ತಾರೆ. ಜಂಟಿ ವರಸೆಯಲ್ಲಿ ನೀವು ಕಲಿತ ಮಾಯಾಮಾಳವಗೌಳದ ರಿಷಭ ಅದಕ್ಕಿಂತ ಮೇಲೆ. ಐದು ಗೆರೆಯಲ್ಲಿ ಎರಡೂ ಡಿ-ಫ್ಲ್ಯಾಟ್, ಅದು ನಿಜವಾದ ಕೊರತೆ. ಆದರೆ ಗೌಳದ ರಿಗೆ ಒಂದು ಹೊಸ ಚಿಹ್ನೆ ಕೊಟ್ಟು, '90ರಲ್ಲಿ ನಿಲ್ಲು' ಅಂತ ಬರೆದರೂ ಗೌಳ ಬರುವುದಿಲ್ಲ. ಯಾಕೆಂದರೆ ಗೌಳದ ರಿ ನಿಲ್ಲುವುದಿಲ್ಲ. ಸದ ಮೇಲೆ ಒರಗಿಕೊಂಡು ಎದ್ದು ಮತ್ತೆ ಸಕ್ಕೆ ಬೀಳುತ್ತದೆ. ಅದು ತಗ್ಗಾಗಿ ಕೇಳುವುದರಲ್ಲಿ ಆ ಒರಗುವಿಕೆಯ ಪಾಲು ದೊಡ್ಡದು. ತೋಡಿಯ ಗಾಂಧಾರದಲ್ಲಿ ಅಲೆಯ ಅಗಲವೇ 300 ಸೆಂಟ್. 300 ಸೆಂಟಿನ ಉಯ್ಯಾಲೆಯ ಮೇಲೆ ಕೂತವರ ಹತ್ತಿರ ನೀವು 22 ಸೆಂಟ್ ಆಚೆ ಇದ್ದೀರಾ ಈಚೆ ಇದ್ದೀರಾ ಅಂತ ಕೇಳಿದರೆ ಏನು ಹೇಳುತ್ತಾರೆ? ಹಾಗಾಗಿ ಶ್ರುತಿ ಮತ್ತು ಗಮಕ ಎರಡು ಬೇರೆ ಕೊರತೆಗಳಲ್ಲ. ಹಾಡುವಾಗ ಸೂಕ್ಷ್ಮ ಶ್ರುತಿ ಗಮಕದ ಒಳಗೇ ಸಿಗುತ್ತದೆ, ಹೊರಗೆ ಮೆಟ್ಟಿಲಾಗಿ ಸಿಗುವುದಿಲ್ಲ. ಗೆರೆಗಳನ್ನು ಎಷ್ಟು ಒತ್ತೊತ್ತಾಗಿ ಹಾಕಿದರೂ ಗೆರೆ ಗೆರೆಯೇ.

ಈ ಪ್ರಯತ್ನ ನನ್ನದೇ ಮೊದಲು ಅಂತ ತಿಳಿಯಬೇಡಿ. 1890ರ ದಶಕದಲ್ಲೇ ಮದರಾಸಿನಲ್ಲಿ ಎ. ಎಂ. ಚಿನ್ನಸ್ವಾಮಿ ಮೊದಲಿಯಾರ್ ನಮ್ಮ ಕೃತಿಗಳನ್ನು ಪಾಶ್ಚಾತ್ಯ ನೊಟೇಷನಿನಲ್ಲಿ ಅಚ್ಚು ಹಾಕಲು ತಮ್ಮ ಆರೋಗ್ಯ, ದುಡ್ಡು ಎಲ್ಲ ಸುರಿದರು. ಎರಡೂ ಸಂಗೀತ ಬಲ್ಲವರು. ದೀಕ್ಷಿತರ ಮನೆತನದ ಸುಬ್ಬರಾಮ ದೀಕ್ಷಿತರನ್ನು ಬರೆಯುವ ದಾರಿಗೆ ಹಚ್ಚಿದ್ದರಲ್ಲಿ ಅವರ ಪಾಲು ದೊಡ್ಡದು. ಕೊನೆಗೆ ಎಟ್ಟಯಾಪುರದಲ್ಲಿ 1904ರಲ್ಲಿ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಹೊರಬಂತು. ತೆಲುಗು ಲಿಪಿಯಲ್ಲಿ, ಸರಿಗಮದಲ್ಲಿ. ಸ್ವರದ ಅಕ್ಷರದ ಮೇಲೆ ಕಂಪಿತಕ್ಕೆ ಅಲೆಗೆರೆ, ಜಾರಿಗೆ ಓರೆಗೆರೆ, ನೊಕ್ಕು, ಒದುಕ್ಕು, ಹೀಗೆ ಬೇರೆ ಬೇರೆ ಗುರುತು. ದೀಕ್ಷಿತರ ಉಪಾಯ ಗಮನಿಸಿ. ಅಲೆ ಎಲ್ಲಿಂದ ಎಲ್ಲಿಗೆ ಅಂತ ಅವರು ಬರೆಯಲು ಹೋಗಲಿಲ್ಲ. 'ಗ' ಅಂತ ಹೆಸರನ್ನು ಹಾಗೇ ಉಳಿಸಿ, ಮೇಲೆ ಅಲೆಗೆರೆ ಇಟ್ಟು, ವೀಣೆಯಲ್ಲಿ ಕೈ ಏನು ಮಾಡಬೇಕು ಅಂತ ಮುಂಚಿತವಾಗಿ ವಿವರಿಸಿದರು. ನಾನು ಮೂರನೇ ಸಲ ಮಾಡಿದ ತಪ್ಪನ್ನು ಅವರು ನೂರಿಪ್ಪತ್ತು ವರ್ಷದ ಹಿಂದೆಯೇ ಮಾಡದೆ ಬಿಟ್ಟಿದ್ದರು.

ಹಾಗಂತ ನಮ್ಮ ಸರಿಗಮ ಬರಹದಲ್ಲಿ ಎಲ್ಲ ಇದೆ ಅಂತ ಬೀಗಬೇಡಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಇರುವುದು ಬರೀ 'ಗ'. ಅದರಲ್ಲಿ ಅಲೆ ಒಂದು ಕೂದಲೆಳೆಯಷ್ಟೂ ಇಲ್ಲ. ಆದರೆ ಅದು ಸುಳ್ಳು ಹೇಳುವುದಿಲ್ಲ. ನಮ್ಮ ಕಾಸರಗೋಡಿನವರಿಗೆ ಇದನ್ನು ತಿಳಿಸುವುದು ಸುಲಭ. ತುಳುವಿನಲ್ಲಿ ನೀರಿಗೆ ಏನು ಹೇಳುತ್ತೇವೆ? ಕನ್ನಡ ಅಕ್ಷರದಲ್ಲಿ ಬರೆಯುವಾಗ 'ನೀರ್' ಅಂತ ಬರೆಯುತ್ತೇವೆ. ಕೊನೆಗೆ ಉ ಅಲ್ಲದ, ಅ ಅಲ್ಲದ ಆ ಸಣ್ಣ ಸ್ವರಕ್ಕೆ ಕನ್ನಡದಲ್ಲಿ ಅಕ್ಷರ ಇಲ್ಲ. ತುಳು ಮಾತಾಡುವವರು ಓದಿದರೆ ಸರಿಯಾಗಿಯೇ ಓದುತ್ತಾರೆ, ಅವರ ನಾಲಗೆಯಲ್ಲಿ ಅದು ಮೊದಲೇ ಇದೆ. ಗೊತ್ತಿಲ್ಲದವರು ಓದಿದರೆ 'ನೀರ್' ಅಂತ ಕತ್ತರಿಸಿದ ಹಾಗೆ ಓದುತ್ತಾರೆ. ಸರಿಗಮ ಬರಹ ಗೊತ್ತಿದ್ದವರಿಗೆ ನೆನಪು ಮಾಡಿಕೊಡುವ ಚೀಟಿ. ಸ್ಟಾಫ್ ನೊಟೇಷನಿಗೆ ನಾವು ಹೊರಿಸಿದ ಕೆಲಸ ಬೇರೆ: ಗೊತ್ತಿಲ್ಲದವನಿಗೆ ಕಾಗದದಿಂದಲೇ ನುಡಿಸಲು ಹೇಳುವುದು. ಆ ಹುಡುಗ ಓದಿದ್ದು 'ನೀರ್'.

ಚಾರ್ಲ್ಸ್ ಸೀಗರ್ ಅನ್ನುವ ಅಮೆರಿಕದ ವಿದ್ವಾಂಸ 1958ರಲ್ಲೇ ಈ ಎರಡು ಬಗೆಯ ಬರಹವನ್ನು ಬೇರೆ ಮಾಡಿ ತೋರಿಸಿದರು. ಹೀಗೆ ನುಡಿಸು ಅಂತ ಮುಂಚೆ ಬರೆಯುವುದು ಒಂದು, ಹೀಗೆ ನುಡಿಸಿದರು ಅಂತ ಆಮೇಲೆ ಬರೆಯುವುದು ಇನ್ನೊಂದು. ಎರಡನೆಯದಕ್ಕೆ ಇವತ್ತು ಪ್ರಾಟ್‌ನಂಥ ಯಂತ್ರದ ಗೆರೆ ಇದೆ. ನಾನು ನನ್ನ ದೊಡ್ಡ ತರಗತಿಯ ಮಕ್ಕಳಿಗೆ ಅದನ್ನು ತೋರಿಸುತ್ತೇನೆ, ಹಾಡಿಸಲಿಕ್ಕಲ್ಲ, ತಪ್ಪು ಹಿಡಿಯಲಿಕ್ಕೆ. ಕಾಗದದಿಂದ ಕಲಿತವರ ಗಾಂಧಾರ ಒಂದೇ ರೀತಿ ತಪ್ಪುತ್ತದೆ. ಮೊದಲು 300ಕ್ಕೆ ಬಂದು ನಿಲ್ಲುತ್ತಾರೆ. ಆಮೇಲೆ ಗಮಕ ಬೇಕಲ್ಲ ಅಂತ ನೆನಪಾಗಿ ಅಲ್ಲೇ ಅಲುಗಾಡಿಸುತ್ತಾರೆ. 270, 330, 270, 330. ಗಾಂಧಾರ ತೂಗುವುದಿಲ್ಲ, ಚಳಿಗೆ ನಡುಗುತ್ತದೆ. ಪರದೆಯಲ್ಲಿ ನೋಡಿದರೆ ಗೆರೆ ದಪ್ಪ ದಾರದ ಹಾಗೆ ಕಾಣುತ್ತದೆ, ಅಲೆಯ ಹಾಗಲ್ಲ. ಅಂಥವರಿಗೆ ನಾನು ಗ ಹಾಡಲು ಹೇಳುವುದೇ ಇಲ್ಲ. ನಿಧಾನವಾಗಿ ಕೆಳಗಿನಿಂದ ಮಧ್ಯಮಕ್ಕೆ ಜಾರಿ ವಾಪಸ್ ಬನ್ನಿ ಅಂತೇನೆ. ಹತ್ತು ಸಲ. ಆಮೇಲೆ ಸ್ವಲ್ಪ ಬೇಗ. ಬಾಯಲ್ಲಿ 'ಗಾ' ಅನ್ನಲು ಹೇಳುವುದು ಕೊನೆಗೆ.

ಹುಡುಗನಿಗೂ ಹಾಗೇ ಹೇಳಿಕೊಡಬಹುದಿತ್ತು. ಅವನ ಪಿಟೀಲೂ ನನ್ನ ಪಿಟೀಲೂ ಒಂದೇ ಅಂಗಡಿಯ ಮಾಲು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಈ ವಾದ್ಯ ನಮ್ಮ ಕಡೆ ಬಂತು. ನಾವು ನೆಲದಲ್ಲಿ ಕೂತು ಅದರ ತಲೆಯನ್ನು ಪಾದದ ಹತ್ತಿರ ಊರಿದೆವು. ಹಿಡಿಯುವ ಕೆಲಸ ತಪ್ಪಿದ್ದರಿಂದ ಎಡಗೈ ಉದ್ದಕ್ಕೆ ಜಾರಲು ಬಿಡುವಾಯಿತು. ತಂತಿಯ ಮೇಲೆ ಮೆಟ್ಟಿಲು ಇಲ್ಲ, ತೋಡಿಯ ಗಾಂಧಾರ ಅವನ ಬೆರಳಿಗೂ ಸಿಗುತ್ತಿತ್ತು. ನಾನು ಅವನಿಗೆ ಕಾಗದ ಕೊಟ್ಟೆ, ಒಂದು ಸಂಜೆ ಕೊಡಲಿಲ್ಲ.

ಇಷ್ಟು ಹೇಳಿ ಕೂತೆ. ಪ್ರಶ್ನೆಗಳಿಗೆ ಸಮಯ ಕೊಟ್ಟರು.

ಒಬ್ಬ ತಾಯಿ ಎದ್ದು ಕೇಳಿದರು, "ಹಾಗಾದರೆ ಮಗಳು ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು ಮಾಷ್ಟ್ರೆ? ಮನೆಗೆ ಬಂದರೆ ಮರೆತಿರುತ್ತಾಳೆ."

ಸ್ವರ ಮತ್ತು ತಾಳ ಸರಿಯಾಗಿ ಬರೆಯಲಿ, ಅವು ಬರಹಕ್ಕೆ ಸಿಗುತ್ತವೆ. ಕಂಪಿತ ಇರುವಲ್ಲಿ ಮೇಲೆ ಒಂದು ಅಲೆಗೆರೆ. ಪಕ್ಕದಲ್ಲಿ ರೆಕಾರ್ಡಿಂಗಿನ ನಿಮಿಷ, ಸೆಕೆಂಡು ಬರೆದುಕೊಳ್ಳಲಿ. ಮರೆತ ಜಾಗವನ್ನು ಪುಸ್ತಕದಲ್ಲಿ ಹುಡುಕುವ ಬದಲು ಅಲ್ಲೇ ಹೋಗಿ ಕೇಳಬಹುದು. ಆ ರೆಕಾರ್ಡಿಂಗ್ ಪಾಠದ್ದೇ ಆಗಿರಲಿ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ನಾಲ್ಕು ವಿದ್ವಾಂಸರ ನಾಲ್ಕು ಪಾಠಾಂತರ ಮೊದಲ ವರ್ಷದಲ್ಲಿ ಬೇಡ.

ಹಿಂದಿನ ಸಾಲಿನಿಂದ ಚರ್ಚಿನ ಕ್ವಾಯರಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗಿಯೊಬ್ಬಳು ಎದ್ದಳು. "ಸರ್, ಕೀಬೋರ್ಡಿನಲ್ಲಿ ಪಿಚ್ ಬೆಂಡ್ ಚಕ್ರ ಇದೆ. ನಾನು ಅದರಲ್ಲಿ ತೋಡಿ ನೋಡಿದೆ. ರಿ ಒತ್ತಿ ತಳ್ಳಿದರೆ ಮಧ್ಯಮದವರೆಗೆ ಹೋಗುವುದೇ ಇಲ್ಲ."

ಒಳ್ಳೆಯ ಪ್ರಶ್ನೆ, ಇವಳು ಆಗಲೇ ಅಳೆದು ನೋಡಿದ್ದಾಳೆ! ಸಾಮಾನ್ಯವಾಗಿ ಆ ಚಕ್ರವನ್ನು ಎರಡು ಮನೆ ಮೇಲೆ, ಎರಡು ಮನೆ ಕೆಳಗೆ ಅಂತ ಹೊಂದಿಸಿರುತ್ತಾರೆ. ನಮ್ಮ ಗಾಂಧಾರಕ್ಕೆ ತಳದಿಂದ ತುದಿಗೆ ಮೂರು ಮನೆ ಬೇಕು. ಸೆಟ್ಟಿಂಗಿನಲ್ಲಿ ಬೆಂಡ್ ರೇಂಜ್ ಅಂತ ಇರುತ್ತದೆ, ಅದನ್ನು ನಾಲ್ಕು ಮಾಡು. ಇ-ಫ್ಲ್ಯಾಟ್ ಒತ್ತಬೇಡ, ಡಿ ಒತ್ತಿ ಹಿಡಿದು ಚಕ್ರವನ್ನು ಮೇಲಕ್ಕೆ ತಳ್ಳು. ಚಕ್ರದ ಸ್ಪ್ರಿಂಗು ಅದನ್ನು ತಾನೇ ವಾಪಸ್ ಎಳೆಯುತ್ತದೆ, ಹಾಗಾಗಿ ಇಳಿಯುವಾಗ ಬೆರಳು ಬಿಡದೆ ಜೊತೆಗೇ ಬರಬೇಕು. ಇಲ್ಲದಿದ್ದರೆ ಅಲೆಯ ಒಂದು ಬದಿ ಕಡಿದ ಹಾಗೆ ಕೇಳುತ್ತದೆ.

"ಡಿ ಅಂದರೆ ತೋಡಿಯಲ್ಲಿ ಇಲ್ಲದ್ದು ಅಂತ ಈಗಷ್ಟೆ ಹೇಳಿದಿರಿ ಸರ್," ಅಂದಳು. ಎಲ್ಲರೂ ನಕ್ಕರು.

ಹೌದು. ಬೆರಳು ಡಿ ಮೇಲೆ, ಮನಸ್ಸು ಗದ ಮೇಲೆ. ಶನಿವಾರ ಕೀಬೋರ್ಡ್ ತೆಗೆದುಕೊಂಡು ಬಾ, ಭಾಗವತರನ್ನೂ ಕೂರಿಸಿಕೊಳ್ಳೋಣ. ಭೈರವಿ ಅಂತಾರಾ ತೋಡಿ ಅಂತಾರಾ ನೋಡುವ.